ಮಾರ್ಚ್ 31 ಮಂಗಳವಾರ, ಬಟವಾಡೆ ಶನಿವಾರ: ಎರಡು ದಿನದ ಕೂಲಿ ಯಾವ ವರ್ಷಕ್ಕೆ?

ನೀರ್ಚಾಲು ಗೋಡೌನ್

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ಸುಲಿದು, ಆಯ್ದು, ಗ್ರೇಡ್ ಮಾಡಿ ಕಳಿಸುವ ಪಾಲುದಾರಿಕೆ ಫರ್ಮ್. ಸೋಮವಾರದಿಂದ ಶನಿವಾರದವರೆಗೆ ಕೆಲಸ, ಶನಿವಾರ ಸಂಜೆ ಬಟವಾಡೆ. ಈ ಸಲ 2026ರ ಮಾರ್ಚ್ 31 ಮಂಗಳವಾರ ಬಂತು. ಆ ವಾರದ ಕೂಲಿ ಕೊಟ್ಟದ್ದು ಏಪ್ರಿಲ್ 4ಕ್ಕೆ. ಟ್ಯಾಲಿಯಲ್ಲಿ ಇಡೀ ವಾರದ 43,400 ರೂಪಾಯಿಯನ್ನು ಏಪ್ರಿಲ್ 4ರ ತಾರೀಕಿನಲ್ಲೇ ಕೂಲಿ ಖಾತೆಗೆ ಹಾಕಿದ್ದೇವೆ. ಈಗ ಆಡಿಟರ್ ಕಡೆಯಿಂದ "ಮಾರ್ಚ್ 31ಕ್ಕೆ ಔಟ್‌ಸ್ಟ್ಯಾಂಡಿಂಗ್ ವೇಜಸ್, ಅಂದರೆ ಕೆಲಸ ಆಗಿ ಕೊಡಲು ಬಾಕಿ ಇದ್ದ ಕೂಲಿ, ಎಷ್ಟು?" ಅಂತ ಪ್ರಶ್ನೆ ಬಂದಿದೆ.

ವಿವರ ಹೀಗುಂಟು. ಅಡಿಕೆ ಆಯುವ ಹೆಂಗಸರು 6 ಮಂದಿ, ದಿನಕ್ಕೆ 600. ಒಣಗಿಸುವುದು, ಮೂಟೆ ಹೊರುವುದು ಮಾಡುವವರು 3 ಮಂದಿ, ದಿನಕ್ಕೆ 800. ಸುಲಿಯುವವರು 5 ಮಂದಿ, ಅವರಿಗೆ ಸುಲಿದ ಅಡಿಕೆ ಕಿಲೋಗೆ 14. ಸುಲಿದದ್ದನ್ನು ತೂಗುವುದು ಶನಿವಾರ ಮಾತ್ರ, ಆ ವಾರ ಒಟ್ಟು 1,000 ಕಿಲೋ ಆಗಿದೆ. ಮಾರ್ಚ್ 28ರಂದು ಮೂವರು ವಿಷು ಖರ್ಚಿಗೆಂದು ತಲಾ 2,000 ಮುಂಗಡ ತಗೊಂಡಿದ್ದರು. ಶನಿವಾರ ಅದರಲ್ಲಿ ತಲಾ 1,000 ಹಿಡಿದುಕೊಂಡು 40,400 ನಗದು ಕೊಟ್ಟದ್ದು.

ಹಣ ಕೊಟ್ಟದ್ದೇ ಏಪ್ರಿಲ್‌ನಲ್ಲಿ ಆದ ಮೇಲೆ ಮಾರ್ಚ್‌ಗೆ ಎಂತ ತೋರಿಸಬೇಕು?

ಪೆರ್ಲದವ

ಇದಕ್ಕೆ ಅಷ್ಟು ತಲೆಬಿಸಿ ಯಾಕೆ ಮಾರಾಯ್ರೆ? ವಾರಕ್ಕೆ ಆರು ದಿನ, ಅದರಲ್ಲಿ ಎರಡು ದಿನ ಮಾರ್ಚ್‌ನದ್ದು. 43,400ರ ಆರನೇ ಎರಡು ಪಾಲು, ಅಂದರೆ 14,467. ಅದನ್ನು ಮಾರ್ಚ್ 31ಕ್ಕೆ ಹಾಕಿ, ಮುಗಿಯಿತು. ಟ್ಯಾಲಿಯಲ್ಲಿ Reversing Journal ಅಂತಲೇ ಒಂದು ವೋಚರ್ ಉಂಟು. ಅದರಲ್ಲಿ ಹಾಕಿದರೆ ಏಪ್ರಿಲ್‌ನಲ್ಲಿ ತನ್ನಿಂದ ತಾನೇ ತಿರುಗಿ ಹೋಗ್ತದೆ.

ಲೆಡ್ಜರ್ ರಾಯರು

ಕೆಲಸ ಆದದ್ದು ಮಾರ್ಚ್‌ನಲ್ಲಿ, ಆದ್ದರಿಂದ ಆ ಎರಡು ದಿನದ ಕೂಲಿ ಮಾರ್ಚ್‌ಗೆ ಬರಬೇಕು ಎಂಬುದು ಸರಿ. ಆದರೆ ಪೆರ್ಲದವರು ಹೇಳಿದ ಮೊತ್ತವೂ ಸರಿಯಿಲ್ಲ, ವೋಚರೂ ಸರಿಯಿಲ್ಲ. ಮೊದಲು ಮೊತ್ತ ನೋಡುವ.

ಆ ವಾರದ ಶುಕ್ರವಾರ ಏಪ್ರಿಲ್ 3 ಗುಡ್ ಫ್ರೈಡೆ. ನೀರ್ಚಾಲಿನವರೇ, ಅಂದು ಗೋಡೌನ್ ತೆರೆದಿತ್ತೇ? ಸುಲಿಯುವವರಲ್ಲಿ ಯಾರಾದರೂ ರಜೆ ಮಾಡಿದ್ದಾರೆಯೇ? ಮಾರ್ಚ್ 31ರ ಸಂಜೆ ಸ್ಟಾಕ್ ತೆಗೆದಿದ್ದೀರಾ? ಹಾಜರಿ ಪುಸ್ತಕದಲ್ಲಿ 30 ಮತ್ತು 31ರ ಎರಡು ಕಾಲಂ ನೋಡಿ ಹೇಳಿ.

ನೀರ್ಚಾಲು ಗೋಡೌನ್

ಶುಕ್ರವಾರ ಮುಚ್ಚಿತ್ತು, ಯಾರಿಗೂ ಕೂಲಿ ಬರೆದಿಲ್ಲ. ಸೋಮವಾರ ಎಲ್ಲರೂ ಬಂದಿದ್ದಾರೆ. ಮಂಗಳವಾರ ಆಯುವವರಲ್ಲಿ ಒಬ್ಬರು ಬಂದಿಲ್ಲ. ಸುಲಿಯುವವರಲ್ಲಿ ಒಬ್ಬ ಗುರುವಾರ ಇಲ್ಲ. 31ರ ಸಂಜೆ ವರ್ಷಾಂತ್ಯದ ಸ್ಟಾಕ್ ತೆಗೆದದ್ದುಂಟು. ಆ ಎರಡು ದಿನದಲ್ಲಿ ಸುಲಿದು ಬೇರೆ ಇಟ್ಟಿದ್ದ ಚೀಲಗಳ ತೂಕ ಆ ಹಾಳೆಯಲ್ಲಿ 400 ಕಿಲೋ ಅಂತ ಉಂಟು.

ಅಡೂರಿನಿಂದ

ನನ್ನದೂ ಇದೇ ಪ್ರಶ್ನೆ. ನಮ್ಮ ಮನೆಯವರಿಗೆ ಒಂದು ಕಡೆ ಫೆಬ್ರವರಿ, ಮಾರ್ಚ್ ಎರಡು ತಿಂಗಳ ಕೂಲಿ ಇನ್ನೂ ಕೊಟ್ಟಿಲ್ಲ. ಕೇಳಿದರೆ "ಲೆಕ್ಕದಲ್ಲಿ ಬಾಕಿ ತೋರಿಸಿದ್ದೇವೆ" ಅಂತ ಹೇಳ್ತಾರೆ. ಹಾಗೆ ಬಾಕಿ ಅಂತ ತೋರಿಸಿದರೆ ಕೊಡದೆ ಇಟ್ಟುಕೊಳ್ಳಬಹುದಾ?

ಲೆಡ್ಜರ್ ರಾಯರು

ಇಲ್ಲಮ್ಮ, ಖಂಡಿತ ಇಲ್ಲ. ನಾವು ಇಲ್ಲಿ ಮಾತಾಡುತ್ತಿರುವುದು ಬಟವಾಡೆಯ ದಿನವೇ ಇನ್ನೂ ಬಾರದ ಕೂಲಿಯ ವಿಷಯ. ನಿಮ್ಮದು ಬಟವಾಡೆಯ ದಿನ ದಾಟಿಯೂ ಕೊಡದೆ ಉಳಿದ ಕೂಲಿ. ಪುಸ್ತಕದಲ್ಲಿ ಏನು ಬರೆದುಕೊಂಡರೂ ಕೊಡುವ ಹೊಣೆ ತಪ್ಪುವುದಿಲ್ಲ. ಅವರೇ ಬಾಕಿ ಎಂದು ಬರೆದಿದ್ದರೆ ಅದು ನಿಮ್ಮ ಮನೆಯವರಿಗೇ ಸಾಕ್ಷಿ ಆಗ್ತದೆ. ಕೆಲಸ ಮಾಡಿದ ದಿನಗಳ ಪಟ್ಟಿ, ಹಿಂದೆ ಕೂಲಿ ಬಂದ ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ಸಂದೇಶ ಏನಿದ್ದರೂ ತೆಗೆದಿಟ್ಟುಕೊಂಡು ಲೇಬರ್ ಆಫೀಸಿನಲ್ಲಿ ಬರವಣಿಗೆಯಲ್ಲಿ ದೂರು ಕೊಡಿ. ಇದಕ್ಕೆ ಬೇರೆಯೇ ಒಂದು ಚರ್ಚೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಈಗ ನೀರ್ಚಾಲಿನ ಲೆಕ್ಕ. ದಿನಗೂಲಿಯವರದ್ದು ಸೋಮವಾರ 6 ಜನಕ್ಕೆ 3,600, 3 ಜನಕ್ಕೆ 2,400, ಒಟ್ಟು 6,000. ಮಂಗಳವಾರ ಒಬ್ಬರು ಇಲ್ಲದ್ದರಿಂದ 5,400. ಎರಡೂ ಸೇರಿ 11,400.

ಸುಲಿಯುವವರ ಕೂಲಿ ದಿನದ ಮೇಲೆ ಅಲ್ಲ, ಕಿಲೋ ಮೇಲೆ. ಆದ್ದರಿಂದ 31ರ ಸಂಜೆಯವರೆಗೆ ಎಷ್ಟು ಸುಲಿದಾಗಿತ್ತು ಎಂಬುದೇ ಬೇಕಾದದ್ದು. ಸ್ಟಾಕ್ ಹಾಳೆಯಲ್ಲಿ 400 ಕಿಲೋ ಉಂಟಲ್ಲ, 14ರಂತೆ 5,600. ಒಟ್ಟು 17,000.

ಹಾಜರಿ ಹಿಡಿದು ಹಂಚಿದ್ದರೆ ಏನಾಗುತ್ತಿತ್ತು ನೋಡಿ. ಐದು ಜನ, ಐದು ದಿನ, ಒಬ್ಬ ಒಂದು ದಿನ ಇಲ್ಲ, ಒಟ್ಟು 24 ಆಳು. ಮಾರ್ಚ್‌ನದ್ದು 10 ಆಳು. 1,000 ಕಿಲೋದಲ್ಲಿ 24ರ 10 ಪಾಲು ಅಂದರೆ 417 ಕಿಲೋ. ತೂಗಿದ್ದಕ್ಕೆ ಹತ್ತಿರವೇ ಬಂತು, ಆದರೆ ಅದು ಅಂದಾಜು. ತೂಕ ಕೈಯಲ್ಲಿದ್ದಾಗ ಅಂದಾಜು ಬೇಡ. ತೂಕ ಇಲ್ಲದಿದ್ದರೆ ಮಾತ್ರ ಹೀಗೆ ಹಂಚಿ, ಹೇಗೆ ಹಂಚಿದಿರಿ ಎಂದು ವೋಚರ್‌ನ ವಿವರಣೆಯಲ್ಲಿ ಬರೆದಿಡಿ.

ಪೆರ್ಲದವರ 14,467ರಲ್ಲಿ 2,533 ಕಮ್ಮಿ ಬೀಳಲು ಕಾರಣ ಒಂದೇ: ಆ ವಾರಕ್ಕೆ ಐದೇ ದಿನ ಕೆಲಸ ನಡೆದದ್ದು, ಅವರು ಆರರಿಂದ ಭಾಗಿಸಿದರು. ಐದರಿಂದ ಭಾಗಿಸಿದರೂ 17,360 ಬರ್ತದೆ, ಯಾಕೆಂದರೆ ಯಾರು ಯಾವ ದಿನ ಇಲ್ಲ ಎಂಬುದು ಆ ಭಾಗಾಕಾರಕ್ಕೆ ಗೊತ್ತಿಲ್ಲ.

ಪೆರ್ಲದವ

ಶುಕ್ರವಾರದ್ದು ನನ್ನ ಗಮನಕ್ಕೆ ಬರಲಿಲ್ಲ, ಒಪ್ಪಿದೆ. ಆದರೆ Reversing Journal ಯಾಕೆ ಆಗ್ಲಿಕ್ಕಿಲ್ಲ? ಹೆಸರೇ ಅದು.

ಲೆಡ್ಜರ್ ರಾಯರು

ಟ್ಯಾಲಿಯ ಆ ವೋಚರ್ ಪುಸ್ತಕಕ್ಕೆ ಇಳಿಯುವುದೇ ಇಲ್ಲ ಅಣ್ಣ. ಅದು Scenario ಎಂಬ ವ್ಯವಸ್ಥೆಯ ಒಳಗೆ, "ಹೀಗಾದರೆ ಲಾಭ ಎಷ್ಟು" ಎಂದು ನೋಡಲು ಇರುವುದು. ವೋಚರ್‌ನಲ್ಲಿ Applicable upto ಎಂದು ಒಂದು ತಾರೀಕು ಕೇಳುತ್ತದೆ. ಆ ತಾರೀಕಿನವರೆಗೆ ಮಾತ್ರ, ಅದೂ ವರದಿಯಲ್ಲಿ ಆ Scenario ಆರಿಸಿದಾಗ ಮಾತ್ರ ಆ ಎಂಟ್ರಿ ಕಾಣುತ್ತದೆ. ಮಾಮೂಲು ಬ್ಯಾಲೆನ್ಸ್ ಶೀಟ್ ತೆರೆದರೆ 17,000 ಎಲ್ಲಿಯೂ ಇರುವುದಿಲ್ಲ. ಎಂಟ್ರಿ ಹಾಕಿದ್ದೇವೆ ಎಂಬ ಧೈರ್ಯ ಮಾತ್ರ ಉಳಿಯುತ್ತದೆ, ಅದೇ ಅಪಾಯ.

ಬೇಕಾದದ್ದು F7 ಒತ್ತಿ ಹಾಕುವ ಸಾಮಾನ್ಯ Journal. "ಔಟ್‌ಸ್ಟ್ಯಾಂಡಿಂಗ್ ವೇಜಸ್" ಅಂತ ಒಂದು ಲೆಡ್ಜರ್ ಮಾಡಿ Current Liabilities ಗುಂಪಿನಡಿ ಇಡಿ. ಆಮೇಲೆ

31-03-2026: ಕೂಲಿ ಖಾತೆಗೆ ಡೆಬಿಟ್ 17,000, ಔಟ್‌ಸ್ಟ್ಯಾಂಡಿಂಗ್ ವೇಜಸ್‌ಗೆ ಕ್ರೆಡಿಟ್ 17,000.

01-04-2026: ಔಟ್‌ಸ್ಟ್ಯಾಂಡಿಂಗ್ ವೇಜಸ್‌ಗೆ ಡೆಬಿಟ್ 17,000, ಕೂಲಿ ಖಾತೆಗೆ ಕ್ರೆಡಿಟ್ 17,000.

ಏಪ್ರಿಲ್ 1ರ ಎಂಟ್ರಿಯನ್ನು ಕೈಯಾರೆ, ಮಾರ್ಚ್‌ನ ಎಂಟ್ರಿ ಹಾಕಿದ ಕೂಡಲೇ ಹಾಕಿಬಿಡಿ. ಅಂದು ಕೂಲಿ ಖಾತೆಯಲ್ಲಿ 17,000 ಕ್ರೆಡಿಟ್ ಬಾಕಿ ಕಾಣುತ್ತದೆ, ಗಾಬರಿ ಬೇಡ. ನೀವು ಏಪ್ರಿಲ್ 4ಕ್ಕೆ ಈಗಾಗಲೇ ಹಾಕಿರುವ 43,400 ಹಾಗೆಯೇ ಇರಲಿ, ತಿದ್ದಬೇಡಿ. ಎರಡೂ ಸೇರಿದಾಗ ಏಪ್ರಿಲ್‌ಗೆ ಉಳಿಯುವುದು 26,400. ತಾಳೆ ನೋಡಿ: ಬುಧ, ಗುರು, ಶನಿ ಮೂರು ದಿನದ ದಿನಗೂಲಿ 18,000, ಉಳಿದ 600 ಕಿಲೋ ಸುಲಿದದ್ದಕ್ಕೆ 8,400.

ಮುಳ್ಳೇರಿಯದ ಅಕ್ಕ

ರಾಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಿರುಗಿಸುವ ಎಂಟ್ರಿ ಇಷ್ಟವಿಲ್ಲದವರು ಬಟವಾಡೆಯ ದಿನವೇ ಒಡೆದು ಹಾಕಬಹುದು. ಏಪ್ರಿಲ್ 4ಕ್ಕೆ ಔಟ್‌ಸ್ಟ್ಯಾಂಡಿಂಗ್‌ಗೆ 17,000 ಡೆಬಿಟ್, ಕೂಲಿಗೆ 26,400 ಡೆಬಿಟ್. ಫಲ ಒಂದೇ. ಎಡವಟ್ಟು ಆಗುವುದು ಎರಡು ದಾರಿಯನ್ನೂ ಒಟ್ಟಿಗೆ ಹಿಡಿದಾಗ, ಇಲ್ಲವೇ ಎರಡನ್ನೂ ಬಿಟ್ಟಾಗ. ಎರಡನ್ನೂ ಹಿಡಿದರೆ ಔಟ್‌ಸ್ಟ್ಯಾಂಡಿಂಗ್ ಲೆಡ್ಜರ್‌ನಲ್ಲಿ 17,000 ಡೆಬಿಟ್ ನಿಲ್ಲುತ್ತದೆ, ಕೆಲಸಗಾರರೇ ನಮಗೆ ಕೊಡಬೇಕು ಎಂಬ ಹಾಗೆ. ಎರಡನ್ನೂ ಬಿಟ್ಟರೆ ಅದೇ 17,000 ಎರಡು ವರ್ಷದ ಖರ್ಚಿನಲ್ಲೂ ಕೂತು, ಲೆಡ್ಜರ್‌ನಲ್ಲಿ ಕ್ರೆಡಿಟ್ ಬಾಕಿ ಮುಂದಿನ ಮಾರ್ಚ್‌ವರೆಗೂ ಅಲುಗದೆ ಇರುತ್ತದೆ. ಪತ್ತೆ ಮಾಡುವುದು ಸುಲಭ. ಏಪ್ರಿಲ್ 4ರ ವೋಚರ್ ಆದ ಮೇಲೆ ಆ ಲೆಡ್ಜರ್ ತೆರೆಯಿರಿ, ಬಾಕಿ ಸೊನ್ನೆ ಇರಬೇಕು.

ಮುಂಗಡದ ವಿಷಯ ಯಾರೂ ಎತ್ತಲಿಲ್ಲ. 17,000ದಿಂದ ಆ 6,000 ಕಳೆದು 11,000 ಮಾತ್ರ ತೋರಿಸುವ ಅಭ್ಯಾಸ ಹಲವು ಕಡೆ ಉಂಟು. ಕೆಲಸ ಆದದ್ದು 17,000ಕ್ಕೆ, ಖರ್ಚೂ ಅಷ್ಟೇ. ಮುಂಗಡ 6,000 ಮಾರ್ಚ್ 31ಕ್ಕೆ ಆಸ್ತಿಯ ಕಡೆಯಲ್ಲಿ, ಆ ಮೂವರ ಹೆಸರಿನಲ್ಲಿ ನಿಲ್ಲಬೇಕು. ಏಪ್ರಿಲ್ 4ಕ್ಕೆ ಕೂಲಿಗೆ 43,400 ಡೆಬಿಟ್, ಮುಂಗಡಕ್ಕೆ 3,000 ಕ್ರೆಡಿಟ್, ನಗದು 40,400. ಇನ್ನೂ 3,000 ಮುಂಗಡ ಬಾಕಿ ಇರಬೇಕು, ನೋಡಿಕೊಳ್ಳಿ.

ಉಪ್ಪಳ ಬೇಕರಿ

ನಮ್ಮಲ್ಲಿ ವಾರದ ಬಟವಾಡೆ ಇಲ್ಲ, ತಿಂಗಳ ಸಂಬಳ. ಆದರೆ ಲೆಕ್ಕ 26ರಿಂದ ಮುಂದಿನ 25ರವರೆಗೆ. ಮಾರ್ಚ್ 25ರವರೆಗಿನ ಸಂಬಳ ಮಾರ್ಚ್‌ನಲ್ಲೇ ಕೊಟ್ಟು ಆಗಿದೆ. ಹಾಗಾದರೆ ನಮಗೆ ಬಾಕಿ ಏನೂ ಇಲ್ಲ ಅಂತ ಅಲ್ವಾ?

ಮುಳ್ಳೇರಿಯದ ಅಕ್ಕ

ಇದೆ. 26ರಿಂದ 31ರವರೆಗಿನ ಆರು ದಿನ. 18,600 ಸಂಬಳದ ಒಬ್ಬರನ್ನು ತೆಗೆದುಕೊಳ್ಳಿ. ಮಾರ್ಚ್ 26ರಿಂದ ಏಪ್ರಿಲ್ 25ಕ್ಕೆ 31 ದಿನ. ಆರು ದಿನಕ್ಕೆ 3,600.

ಉಪ್ಪಳ ಬೇಕರಿ

ನಡುವೆ 29 ಭಾನುವಾರ ರಜೆ. ಅದನ್ನು ಬಿಟ್ಟು ಲೆಕ್ಕ ಹಾಕಬೇಡವೇ?

ಮುಳ್ಳೇರಿಯದ ಅಕ್ಕ

ಹಾಗೂ ಮಾಡಬಹುದು. ಆದರೆ ಮೇಲಿನಿಂದ ಭಾನುವಾರ ತೆಗೆದರೆ ಕೆಳಗಿನಿಂದಲೂ ತೆಗೆಯಬೇಕು. ಆ ಅವಧಿಯಲ್ಲಿ ಭಾನುವಾರ ನಾಲ್ಕು, ಉಳಿದ ದಿನ 27. ಮಾರ್ಚ್‌ನಲ್ಲಿ 5 ದಿನ. ಆಗ 3,444 ಬರುತ್ತದೆ. ನಿಮ್ಮಲ್ಲಿ ಒಬ್ಬರು ಒಂದು ದಿನ ಸಂಬಳವಿಲ್ಲದ ರಜೆ ಹಾಕಿದರೆ ಎಷ್ಟರಿಂದ ಭಾಗಿಸಿ ಕಡಿತ ಮಾಡುತ್ತೀರೋ ಅದೇ ಕ್ರಮ ಇಲ್ಲಿಯೂ ಇರಲಿ, ವರ್ಷ ವರ್ಷ ಬದಲಿಸಬೇಡಿ. 5 ದಿನವನ್ನು 31ರಿಂದ ಭಾಗಿಸುವುದು ಮಾತ್ರ ಯಾವ ರೀತಿಯಲ್ಲೂ ಸರಿಯಲ್ಲ.

ಪೆರ್ಲದವ

ಒಂದು ಮಾತು ಕೇಳ್ತೇನೆ. ಪ್ರತಿ ವರ್ಷ ಹೀಗೇ ಒಂದೆರಡು ದಿನ ಮುಂದಕ್ಕೆ ಹೋಗ್ತದೆ, ಹಿಂದಿನಿಂದ ಒಂದೆರಡು ದಿನ ಬರ್ತದೆ. 2025ರ ಮಾರ್ಚ್ 31 ಸೋಮವಾರ ಇತ್ತು. ಆ ಒಂದು ದಿನದ್ದು ಈ ವರ್ಷದ ಖರ್ಚಿನಲ್ಲಿ ಸೇರಿರ್ತದೆ. ಈ ವರ್ಷದ ಎರಡು ದಿನ ಮುಂದಕ್ಕೆ ಹೋದರೆ ಲಾಭದಲ್ಲಿ ವ್ಯತ್ಯಾಸ ಆಗುವುದು ಒಂದೇ ದಿನದ್ದು. ಅಷ್ಟಕ್ಕೆ ಬೇಕಾ? ಸಣ್ಣ ಫರ್ಮ್‌ಗಳು ನಗದು ಪದ್ಧತಿಯಲ್ಲಿ ಲೆಕ್ಕ ಇಡಬಹುದು ಅಂತ ಕಾನೂನಿನಲ್ಲೂ ಉಂಟಲ್ಲ.

ಮುಳ್ಳೇರಿಯದ ಅಕ್ಕ

ಹಿಂದಿನ ವರ್ಷ, ಈ ವರ್ಷ ಒಂದಕ್ಕೊಂದು ವಜಾ ಆಗುತ್ತದೆ ಎಂಬ ಯೋಚನೆ ಒಳ್ಳೆಯದೇ. ಆದರೆ 2025ರ ಮಾರ್ಚ್ 31 ಬರೀ ಸೋಮವಾರ ಅಲ್ಲ, ಈದುಲ್ ಫಿತ್ರ್. ನಮ್ಮ ಕಡೆ ಅಂದು ಎಷ್ಟು ಗೋಡೌನ್ ತೆರೆದಿತ್ತು? ಅದಕ್ಕೂ ಹಿಂದಿನ 2024ರ ಮಾರ್ಚ್ 31 ಭಾನುವಾರ. ಶನಿವಾರದ ಬಟವಾಡೆ ಇರುವ, ಈದ್‌ಗೆ ಮುಚ್ಚಿದ್ದ ಕಡೆ ಎರಡು ವರ್ಷವೂ ಬಾಕಿ ಸೊನ್ನೆ. ಈ ಪ್ರಶ್ನೆ ಈ ವರ್ಷವೇ ಎದ್ದದ್ದು ಬಹುಶಃ ಅದಕ್ಕೇ. ಹಿಂದಿನಿಂದ ಬಂದದ್ದು ಏನೂ ಇಲ್ಲದಿದ್ದರೆ ವಜಾ ಆಗಲು ಏನಿದೆ? ಇಡೀ 17,000 ಈ ವರ್ಷದ ಲಾಭದಲ್ಲೇ ಹೆಚ್ಚು ಕಾಣುತ್ತದೆ.

ಇನ್ನು, ಲಾಭದಲ್ಲಿ ವಜಾ ಆದರೂ ಬ್ಯಾಲೆನ್ಸ್ ಶೀಟ್‌ನಲ್ಲಿ ಆಗುವುದಿಲ್ಲ. ಮಾರ್ಚ್ 31ಕ್ಕೆ ಕೊಡಬೇಕಾದದ್ದು ಎರಡು ದಿನದ್ದು ಅಂದರೆ ಎರಡು ದಿನದ್ದೇ.

ನೀರ್ಚಾಲು ಗೋಡೌನ್

ಹೌದು ಅಕ್ಕ, 2025ರ ಹಾಜರಿ ಪುಸ್ತಕ ತೆಗೆದು ನೋಡಿದೆ. ಈದ್‌ಗೆ ರಜೆ ಅಂತಲೇ ಬರೆದಿದೆ.

ಲೆಡ್ಜರ್ ರಾಯರು

ನಗದು ಪದ್ಧತಿಯ ಬಗ್ಗೆ: 2026ರ ಮಾರ್ಚ್ 31ಕ್ಕೆ ಮುಗಿದ ವರ್ಷಕ್ಕೆ ಆದಾಯ ತೆರಿಗೆ ಕಾಯಿದೆ 1961ರ 145ನೇ ಸೆಕ್ಷನ್ ಪ್ರಕಾರ ವ್ಯಾಪಾರದ ಆದಾಯಕ್ಕೆ ನಗದು ಪದ್ಧತಿ ಅಥವಾ ಹಣ ಕೊಡುವ ಮೊದಲೇ ಖರ್ಚು ಬರೆಯುವ ಮರ್ಕೆಂಟೈಲ್ ಪದ್ಧತಿ, ಎರಡರಲ್ಲಿ ಒಂದನ್ನು ಬಿಡದೆ ಅನುಸರಿಸಬೇಕು. ಬೆರೆಸಲು ಅವಕಾಶ ಇಲ್ಲ. ಅಡಿಕೆ ಖರೀದಿಸಿದ ದಿನವೇ ಹಣ ಕೊಡಬೇಕಾದವರ ಖಾತೆಗೆ ಹಾಕಿ, ಮಾರಿದ ದಿನವೇ ಮಾರಾಟ ತೋರಿಸಿ, ಕೂಲಿಯೊಂದಕ್ಕೆ ಮಾತ್ರ "ನಮ್ಮದು ನಗದು ಪದ್ಧತಿ" ಎಂದರೆ ನಿಲ್ಲುವುದಿಲ್ಲ. ಕಂಪನಿಯಾದರೆ ಆಯ್ಕೆಯೇ ಇಲ್ಲ, ಮರ್ಕೆಂಟೈಲ್ ಪದ್ಧತಿಯೇ ಆಗಬೇಕು.

ನೀರ್ಚಾಲಿನವರೇ, ಇ.ಎಸ್.ಐ. ಉಂಟೇ?

ನೀರ್ಚಾಲು ಗೋಡೌನ್

ಉಂಟು, 14 ಮಂದಿಗೂ. ಮಾರ್ಚ್‌ನ ಚಲನ್ ಇನ್ನೂ ಕಟ್ಟಿಲ್ಲ, 15ರೊಳಗೆ ಕಟ್ಟಬೇಕು.

ಲೆಡ್ಜರ್ ರಾಯರು

ಹಾಗಾದರೆ 17,000ದ ಮೇಲೆ ಮಾಲೀಕರ ಪಾಲು ಶೇ. 3.25, ಅಂದರೆ 552.50, ಅದೂ ಮಾರ್ಚ್‌ನ ಖರ್ಚು. ಕೆಲಸಗಾರರ ಪಾಲಾದ ಶೇ. 0.75 ಮೇಲಿಂದ ಸೇರಿಸಬೇಡಿ, ಅದು ಆ 17,000ದ ಒಳಗಿನದ್ದೇ. ಹಾಕುವ ಮೊದಲು ಒಂದು ತಾಳೆ ನೋಡಿ. ಮಾರ್ಚ್ ಚಲನ್‌ಗೆ ಲೆಕ್ಕ ತೆಗೆಯುವಾಗ ಹಾಜರಿ ಪುಸ್ತಕದಿಂದ 31ರವರೆಗಿನ ಕೂಲಿ ತೆಗೆದಿದ್ದೀರಾ, ಅಥವಾ ಮಾರ್ಚ್‌ನಲ್ಲಿ ಬಟವಾಡೆ ಆದ ಶನಿವಾರಗಳನ್ನು ಕೂಡಿಸಿದ್ದೀರಾ? ಹಾಜರಿಯಿಂದ ತೆಗೆದು, ಚಲನ್‌ನ ಮೊತ್ತವನ್ನು ಮಾರ್ಚ್ 31ಕ್ಕೆ ಇ.ಎಸ್.ಐ. ಬಾಕಿ ಎಂದು ಈಗಾಗಲೇ ಹಾಕಿದ್ದರೆ ಈ 552.50 ಅದರೊಳಗೇ ಇದೆ. ಮತ್ತೆ ಹಾಕಿದರೆ ಎರಡು ಸಲ ಆಗುತ್ತದೆ.

ನೀರ್ಚಾಲು ಗೋಡೌನ್

ಶನಿವಾರಗಳನ್ನು ಕೂಡಿಸಿದ್ದು. ಹಾಜರಿ ನೋಡಿ ಹೊಸತಾಗಿ ತೆಗೆಯುತ್ತೇನೆ.

ಇನ್ನೊಂದು ಸಂಶಯ. ಸುಲಿದ ಆ 400 ಕಿಲೋ 31ರಂದು ಗೋಡೌನ್‌ನಲ್ಲೇ ಇತ್ತು, ಮಾರಿಲ್ಲ. ಸ್ಟಾಕ್‌ನ ಬೆಲೆ ಕಟ್ಟುವಾಗ ಸುಲಿದ ಅಡಿಕೆಗೆ ಕಿಲೋಗೆ 14 ಸುಲಿಗೂಲಿ ಸೇರಿಸಿಯೇ ಬೆಲೆ ಹಾಕಿದ್ದೇವೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಲೆಡ್ಜರ್ ರಾಯರು

ಚೆನ್ನಾಗಿ ಕೇಳಿದಿರಿ. ಅಡಿಕೆಯನ್ನು ಈಗಿರುವ ಸ್ಥಿತಿಗೆ ತರಲು ಆದ ಕೂಲಿ ಸ್ಟಾಕ್‌ನ ಅಸಲಿಗೆ ಸೇರಬೇಕು, ಆದ್ದರಿಂದ ನೀವು 14 ಸೇರಿಸಿದ್ದು ಸರಿ. ಆದರೆ ಇಲ್ಲಿಯವರೆಗೆ ನಿಮ್ಮ ಪುಸ್ತಕದಲ್ಲಿ ಆ 5,600 ಸ್ಟಾಕ್‌ನಲ್ಲಿ ಮಾತ್ರ ಇತ್ತು, ಖರ್ಚಿನಲ್ಲಿ ಇರಲಿಲ್ಲ. ಅಂದರೆ ಮಾಡದ ಲಾಭ 5,600 ಕಾಣುತ್ತಿತ್ತು. ಈಗ ಬಾಕಿ ಎಂಟ್ರಿ ಹಾಕಿದಾಗ ಖರ್ಚೂ ಬಂತು, ಸ್ಟಾಕೂ ಬಂತು, ಈ ಭಾಗದಿಂದ ಲಾಭಕ್ಕೆ ಆಗುವ ಪರಿಣಾಮ ಸೊನ್ನೆ. ಅಸಲಿಗಿಂತ ಮಾರುಕಟ್ಟೆಯಲ್ಲಿ ಕೈಗೆ ಸಿಗುವ ದರ ಕಡಿಮೆ ಇದ್ದರೆ ಮಾತ್ರ ಆ ಕಡಿಮೆ ದರಕ್ಕೆ ಇಳಿಸಬೇಕು.

ಮುಳ್ಳೇರಿಯದ ಅಕ್ಕ

ಹಾಗಾದರೆ ಆಯುವವರ ಕೂಲಿ? ಎರಡು ದಿನಕ್ಕೆ 6,600. ಪಟೋರ, ಉಳ್ಳಿಗಡ್ಡೆ ಅಂತ ಗ್ರೇಡ್ ಬೇರೆ ಮಾಡಿ ಇಟ್ಟ ಅಡಿಕೆಯೂ ಸ್ಟಾಕ್‌ನಲ್ಲೇ ಇದೆಯಲ್ಲ. ಅದನ್ನೂ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಗ್ರೇಡ್ ಮಾಡದೆ ಆ ಅಡಿಕೆಗೆ ಆ ದರ ಇಲ್ಲ.

ಲೆಡ್ಜರ್ ರಾಯರು

ತತ್ವ ಒಪ್ಪುತ್ತೇನೆ. ಕಷ್ಟ ಇರುವುದು ಅಳತೆಯಲ್ಲಿ. ಸುಲಿಗೂಲಿಗೆ ಕಿಲೋ ಲೆಕ್ಕ ಉಂಟು. ಆಯುವವರು ಒಂದೇ ದಿನ ಹಳೆ ಅಡಿಕೆಯ ಲಾಟ್, ಹೊಸ ಅಡಿಕೆಯ ಲಾಟ್ ಎರಡನ್ನೂ ಆಯುತ್ತಾರೆ, ಅದರಲ್ಲಿ ಅರ್ಧ ಅಂದೇ ಲಾರಿ ಹತ್ತಿರಬಹುದು. ಯಾವ ಕೂಲಿ ಯಾವ ಚೀಲಕ್ಕೆ ಎಂದು ತೋರಿಸುವ ದಾಖಲೆ ಇಲ್ಲದೆ ಸೇರಿಸಿದರೆ ಅದು ಊಹೆ. ನಾನಾದರೆ ಖರ್ಚಿಗೇ ಬಿಡುತ್ತೇನೆ.

ಮುಳ್ಳೇರಿಯದ ಅಕ್ಕ

ತಿಂಗಳಲ್ಲಿ ಆಯ್ದ ಒಟ್ಟು ಕಿಲೋದಿಂದ ಆಯುವವರ ಒಟ್ಟು ಕೂಲಿ ಭಾಗಿಸಿದರೆ ಕಿಲೋಗೆ ಒಂದು ದರ ಸಿಗುತ್ತದೆ ರಾಯರೇ. ಆ ದರವನ್ನು ಉಳಿದ ಸ್ಟಾಕ್‌ಗೆ ಹಾಕಬಹುದಲ್ಲ. ಖರ್ಚಿಗೆ ಬಿಟ್ಟರೆ ಸ್ಟಾಕ್ ಕಡಿಮೆ ಕಾಣುತ್ತದೆ, ಅದೂ ತಪ್ಪೇ.

ಲೆಡ್ಜರ್ ರಾಯರು

ಆಯ್ದ ಕಿಲೋದ ಪುಸ್ತಕ ಇದ್ದರೆ ಸರಿ. ನೀರ್ಚಾಲಿನವರಲ್ಲಿ ಉಂಟೇ ಎಂಬುದು ಪ್ರಶ್ನೆ.

ನೀರ್ಚಾಲು ಗೋಡೌನ್

ಗ್ರೇಡ್ ಆದ ಚೀಲಗಳ ಲೆಕ್ಕ ಉಂಟು, ಆದರೆ ತಾರೀಕು ಇಲ್ಲ. ಈ ವಿಷಯ ಆಡಿಟರ್ ಹತ್ತಿರ ಎರಡೂ ಅಭಿಪ್ರಾಯ ಇಟ್ಟು ಕೇಳುತ್ತೇನೆ. 17,000ದ ಎಂಟ್ರಿ ಮಾರ್ಚ್ 31ಕ್ಕೆ, ತಿರುಗಿಸುವುದು ಏಪ್ರಿಲ್ 1ಕ್ಕೆ, ಎರಡೂ ಹಾಕಿದೆ. ಔಟ್‌ಸ್ಟ್ಯಾಂಡಿಂಗ್ ಲೆಡ್ಜರ್ ಸೊನ್ನೆ ತೋರಿಸ್ತಾ ಉಂಟು. ಮುಂಗಡ 3,000 ಬಾಕಿ ನಿಂತಿದೆ.

ಪೆರ್ಲದವ

ವೋಚರ್‌ನ ವಿವರಣೆಯಲ್ಲಿ ಎಂತ ಬರೆದಿರಿ? ನಾನೂ ನಮ್ಮಲ್ಲಿ ಹಾಕುವವ, ಅದಕ್ಕೆ ಕೇಳಿದ್ದು.

ನೀರ್ಚಾಲು ಗೋಡೌನ್

"30 ಮತ್ತು 31 ಮಾರ್ಚ್ 2026ರ ಕೂಲಿ, ಹಾಜರಿ ಪುಸ್ತಕದಂತೆ ದಿನಗೂಲಿ 11,400, ಸ್ಟಾಕ್ ಹಾಳೆಯ ತೂಕದಂತೆ ಸುಲಿಗೂಲಿ 400 ಕಿಲೋಗೆ 5,600, ಬಟವಾಡೆ 04-04-2026." ಆ ಎರಡು ಪುಟಗಳ ಫೋಟೋ ವೋಚರ್ ಜೊತೆ ಫೈಲ್‌ನಲ್ಲಿ ಇಟ್ಟಿದ್ದೇನೆ.

ಲೆಡ್ಜರ್ ರಾಯರು

ಅಷ್ಟು ಸಾಕು. 2027ರ ಮಾರ್ಚ್ 31 ಬುಧವಾರ, ಮೂರು ದಿನದ ಕೂಲಿ ಬಾಕಿ ಬರುತ್ತದೆ. ಸುಲಿದ ಅಡಿಕೆಯನ್ನು ಅಂದು ಸಂಜೆ ಒಬ್ಬೊಬ್ಬರದ್ದಾಗಿ ತೂಗಿಸಿ ಬರೆದಿಡಿ. ಗ್ರೇಡ್ ಮಾಡಿದ ಚೀಲಗಳಿಗೆ ಮಾರ್ಚ್ ಪೂರ್ತಿ ತಾರೀಕು ಹಾಕಿಸಿ, ಆಗ ಅಕ್ಕ ಹೇಳಿದ ದರ ತೆಗೆಯಲು ಬರುತ್ತದೆ.